ಕಲಿಸಿದವರಿಗೆ ಒಂದು ಪತ್ರ: ಇಂಟರ್ನ್‌ಶಿಪ್‌ನ ಕೊನೆಯ ಕೆಲಸ

ಎಂಜಿನಿಯರಿಂಗ್ ಇರಲಿ, ಎಂ.ಬಿ.ಎ. ಇರಲಿ, ಪತ್ರಿಕೋದ್ಯಮ ಇರಲಿ, ಇವತ್ತು ಇಂಟರ್ನ್‌ಶಿಪ್ ಮಾಡದೆ ಕೋರ್ಸ್ ಮುಗಿಸುವವರು ಕಡಿಮೆ. ಅದರ ಕೊನೆಯ ವಾರ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ ಥರ ಇರುತ್ತದೆ. ರಿಪೋರ್ಟಿಗೆ ಕಂಪನಿಯ ಗೈಡ್ ಸಹಿ ಆಗಬೇಕು, ಎಚ್‌ಆರ್ ಹತ್ತಿರ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು, ಐಡಿ ಕಾರ್ಡ್ ವಾಪಸ್ ಕೊಡಬೇಕು, ಗೇಟಿನ ಹತ್ತಿರ ಒಂದು ಗ್ರೂಪ್ ಫೋಟೊ ಆಗಬೇಕು. ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ಕುಳಿತು ಹುಡುಗ ಅಥವಾ ಹುಡುಗಿ ಕೆಲಸ ಕಲಿಸಿದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ‘ಥ್ಯಾಂಕ್ಯೂ ಸರ್, ಬಹಳ ಕಲಿತೆ’ ಎಂದು ಬರೆದು ಕೈಮುಗಿದ ಚಿತ್ರ ಹಾಕುತ್ತಾರೆ. ಆ ಕಡೆಯಿಂದ ‘ಆಲ್ ದಿ ಬೆಸ್ಟ್’ ಎಂದು ಬರುತ್ತದೆ. ಅಲ್ಲಿಗೆ ಮಾತು ನಿಲ್ಲುತ್ತದೆ.

ಎಂಟು ತಿಂಗಳ ನಂತರ ಯಾವುದೋ ಕೆಲಸದ ಅರ್ಜಿಯಲ್ಲಿ ‘ನಿಮ್ಮನ್ನು ಬಲ್ಲವರ ಹೆಸರು, ಫೋನ್ ನಂಬರ್ ಕೊಡಿ’ ಎಂಬ ಸಾಲು ಬರುತ್ತದೆ. ಆಗ ಅದೇ ಚಾಟ್ ತೆರೆದರೆ ಕಾಣುವುದು ಆ ಎರಡು ಸಾಲು ಮಾತ್ರ. ಇಷ್ಟು ದಿನ ಸುದ್ದಿಯಿಲ್ಲದೆ ಇದ್ದು ಈಗ ಉಪಕಾರ ಕೇಳುವುದು ಹೇಗೆ ಎಂದು ಬೆರಳು ಹಿಂಜರಿಯುತ್ತದೆ. ಆ ಹಿಂಜರಿಕೆಗೆ ಕಾರಣವಿದೆ. ‘ಬಹಳ ಕಲಿತೆ’ ಎಂಬ ಮಾತಿನಲ್ಲಿ ಮುಂದೇನಾಯಿತು ಎಂದು ಕೇಳುವುದಕ್ಕೆ ಏನೂ ಇರಲಿಲ್ಲ. ಸಂಬಂಧ ಉಳಿಸುವ ಪತ್ರದಲ್ಲಿ ಅದು ಇರುತ್ತದೆ. ತಾನು ಹೇಳಿಕೊಟ್ಟ ಒಂದು ವಿಷಯ ಈ ಹುಡುಗಿಯ ಕೈಯಲ್ಲಿ ಏನಾಯಿತು ಎಂಬ ಸುದ್ದಿ ಕಲಿಸಿದವರಿಗೆ ಅದರಿಂದ ಸಿಗುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಬೆಂಗಳೂರಿನ ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಒಂದು ಸಣ್ಣ ಕಾರ್ಖಾನೆ ಇದೆ ಎಂದುಕೊಳ್ಳಿ. ಮೆಕ್ಯಾನಿಕಲ್ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳನ್ನು ಅಲ್ಲಿ ಕ್ವಾಲಿಟಿ ವಿಭಾಗಕ್ಕೆ ಹಾಕಿದ್ದಾರೆ. ಸಿಎನ್‌ಸಿ ಮಷಿನ್‌ನಿಂದ ಬಂದ ಉಕ್ಕಿನ ಪೀಸುಗಳ ಒಳವ್ಯಾಸವನ್ನು ಬೋರ್ ಗೇಜಿನಿಂದ ಅಳೆಯುವುದು ಅವಳ ಕೆಲಸ. ವ್ಯಾಸ 50 ಮಿ.ಮೀ. ಇರಬೇಕು, ಹೆಚ್ಚೆಂದರೆ 25 ಮೈಕ್ರಾನ್ ದೊಡ್ಡದಾಗಬಹುದು, ಅಂದರೆ ಮಿಲಿಮೀಟರಿನ ನಲವತ್ತನೇ ಒಂದು ಭಾಗ. ಒಂದು ಬೆಳಿಗ್ಗೆ ಪೀಸಿನ ಮೇಲೆ ಪೀಸು 30 ಮೈಕ್ರಾನ್ ತೋರಿಸುತ್ತದೆ. ಅವಳು ಒಂದೊಂದನ್ನೇ ರಿಜೆಕ್ಟ್ ಟ್ರೇಗೆ ಇಡುತ್ತ ಹೋಗುತ್ತಾಳೆ. ಕ್ವಾಲಿಟಿ ಇನ್‌ಚಾರ್ಜ್ ಬಂದು ಒಂದು ಪೀಸನ್ನು ಅವಳ ಅಂಗೈಗೆ ಇಟ್ಟು, ‘ಬಿಸಿ ಇದೆಯಾ ನೋಡಮ್ಮ’ ಎನ್ನುತ್ತಾರೆ. ಅದು ಆಗಷ್ಟೇ ಮಷಿನ್‌ನಿಂದ ಇಳಿದದ್ದು. ಆರಲು ಬಿಟ್ಟು ಮತ್ತೆ ಅಳೆದರೆ ಅದೇ ಪೀಸು 18 ಮೈಕ್ರಾನ್ ತೋರಿಸಿ ಪಾಸಾಗುತ್ತದೆ.

ಲೆಕ್ಕ ಸರಳ. ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಸುಮಾರು 11ರಿಂದ 12 ಮೈಕ್ರಾನ್ ಹಿಗ್ಗುತ್ತದೆ. 50 ಮಿ.ಮೀ. ವ್ಯಾಸದ ಪೀಸು 20 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಅದೂ ಹೆಚ್ಚುಕಡಿಮೆ ಅಷ್ಟೇ ಹಿಗ್ಗುತ್ತದೆ. ಇದ್ದ 25 ಮೈಕ್ರಾನ್ ಅವಕಾಶದಲ್ಲಿ ಅರ್ಧದಷ್ಟನ್ನು ಶಾಖವೇ ನುಂಗಿಹಾಕಿತ್ತು. ಉದ್ದ, ವ್ಯಾಸಗಳ ಅಳತೆಯನ್ನು 20 ಡಿಗ್ರಿ ಸೆಲ್ಸಿಯಸ್‌ಗೆ ಹೇಳಬೇಕು ಎಂಬ ಅಂತರರಾಷ್ಟ್ರೀಯ ನಿಯಮವೇ ಇರುವುದು ಈ ಕಾರಣಕ್ಕೆ. ಪುಸ್ತಕದಲ್ಲಿ ಅದನ್ನು ಓದಿ ಮರೆತಿದ್ದವಳಿಗೆ ಅಂಗೈ ಸುಟ್ಟ ಮೇಲೆ ಅದು ಮರೆಯುವುದಿಲ್ಲ.

ಈಗ ಈ ವಿದ್ಯಾರ್ಥಿನಿ ಇಂಟರ್ನ್‌ಶಿಪ್ ಮುಗಿಸಿ ಪತ್ರ ಬರೆಯಲು ಕುಳಿತಳು ಎನ್ನೋಣ. ಸಾಮಾನ್ಯವಾಗಿ ಬರುವ ಪತ್ರ ಹೀಗಿರುತ್ತದೆ:

‘ಗೌರವಾನ್ವಿತ ಸರ್, ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡಲು ಅವಕಾಶ ಕೊಟ್ಟಿದ್ದಕ್ಕೆ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಅಮೂಲ್ಯ ಮಾರ್ಗದರ್ಶನದಿಂದ ಬಹಳಷ್ಟು ಕಲಿತಿದ್ದೇನೆ. ಈ ಅನುಭವ ನನ್ನ ವೃತ್ತಿಜೀವನಕ್ಕೆ ದಾರಿದೀಪವಾಗಲಿದೆ. ನಿಮ್ಮಲ್ಲಿ ಸೂಕ್ತ ಹುದ್ದೆಯಿದ್ದರೆ ದಯವಿಟ್ಟು ತಿಳಿಸಿ. ರೆಸ್ಯೂಮೆ ಲಗತ್ತಿಸಿದ್ದೇನೆ.’

ಇದರಲ್ಲಿ ಅಗೌರವವೇನೂ ಇಲ್ಲ. ಆದರೆ ಹೆಸರು ಬದಲಿಸಿದರೆ ಇದೇ ಪತ್ರವನ್ನು ಬ್ಯಾಂಕಿಗೂ ಕಳಿಸಬಹುದು, ಆಸ್ಪತ್ರೆಗೂ ಕಳಿಸಬಹುದು. ಪ್ರತಿ ವರ್ಷ ಇಂಟರ್ನ್‌ಗಳನ್ನು ಕಾಣುವ ಇನ್‌ಚಾರ್ಜ್‌ಗೆ ಇದನ್ನು ಬರೆದವಳು ಯಾರೆಂದು ನೆನಪಾಗಲು ಒಂದು ಗುರುತೂ ಇಲ್ಲ. ಕೊನೆಯ ಎರಡು ಸಾಲು ಬಂದ ಕೂಡಲೇ ಮೇಲಿನ ಮೂರು ಸಾಲು ಅದಕ್ಕೆ ಹಾಕಿದ ಪೀಠಿಕೆಯಂತೆ ಕಾಣತೊಡಗುತ್ತದೆ. ಓದಿದವರು ಈಗ ಹುದ್ದೆ ಇದೆಯೋ ಇಲ್ಲವೋ ಎಂದು ಉತ್ತರಿಸಬೇಕು. ಸಾಮಾನ್ಯವಾಗಿ ಹುದ್ದೆ ಇರುವುದಿಲ್ಲ. ಇಲ್ಲ ಎನ್ನಲು ಸಂಕೋಚ. ಹಾಗಾಗಿ ಉತ್ತರವೇ ಬರುವುದಿಲ್ಲ.

ಅದೇ ವಿದ್ಯಾರ್ಥಿನಿ ಹೀಗೆ ಬರೆಯಬಹುದು:

‘ನಮಸ್ಕಾರ ಸರ್. ಶುಕ್ರವಾರ ನನ್ನ ಇಂಟರ್ನ್‌ಶಿಪ್ ಮುಗಿಯಿತು. ಹೊರಡುವ ಗಡಿಬಿಡಿಯಲ್ಲಿ ಸರಿಯಾಗಿ ಮಾತಾಡಲು ಆಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೂರನೇ ವಾರ ನಾನು ಬಿಸಿ ಪೀಸುಗಳನ್ನು ಅಳೆದು ರಿಜೆಕ್ಟ್ ಮಾಡುತ್ತಿದ್ದಾಗ ನೀವು ತಪ್ಪು ಎಂದು ಹೇಳಲಿಲ್ಲ. ಒಂದು ಪೀಸನ್ನು ಕೈಗೆ ಕೊಟ್ಟು ನಾನೇ ಕಂಡುಕೊಳ್ಳುವವರೆಗೆ ಕಾದಿರಿ. ಆಪರೇಟರ್‌ಗಳೆಲ್ಲ ನೋಡುತ್ತಿದ್ದರು, ಆದರೂ ನನಗೆ ನಾಚಿಕೆಯಾಗದ ಹಾಗೆ ಕಲಿಸಿದಿರಿ. ಅವತ್ತಿನಿಂದ ನನ್ನ ರೀಡಿಂಗ್ ಪುಸ್ತಕದಲ್ಲಿ ಅಳತೆಯ ಪಕ್ಕ ಪೀಸು ಮಷಿನ್‌ನಿಂದ ಇಳಿದ ಸಮಯವನ್ನೂ ಬರೆಯಲು ಶುರು ಮಾಡಿದೆ. ನನ್ನ ರಿಪೋರ್ಟಿನ ಒಂದು ಅಧ್ಯಾಯ ಅದರ ಮೇಲೆಯೇ ಇದೆ.

ಮುಂದಿನ ತಿಂಗಳು ವೈವಾ ಇದೆ. ಈ ಅಧ್ಯಾಯದ ಬಗ್ಗೆ ಏನು ಕೇಳಿದರು ಎಂದು ಆಮೇಲೆ ತಿಳಿಸುತ್ತೇನೆ. ಇದಕ್ಕೆ ಉತ್ತರ ಬರೆಯಬೇಕೆಂದೇನಿಲ್ಲ ಸರ್, ಶಿಫ್ಟ್ ಸಮಯದಲ್ಲಿ ನಿಮಗೆ ಎಷ್ಟು ಕೆಲಸ ಎಂದು ನೋಡಿದ್ದೇನೆ.’

ಈ ಪತ್ರ ಫೋನಿನ ಒಂದೆರಡು ಪರದೆಗಿಂತ ಉದ್ದವಿಲ್ಲ. ಆದರೆ ಇದರ ಪ್ರತಿ ಭಾಗಕ್ಕೂ ಒಂದು ಕೆಲಸವಿದೆ. ಮೂರನೇ ವಾರದ ಆ ಘಟನೆ ಬರೆದವಳು ಯಾರೆಂದು ನೆನಪಿಸುತ್ತದೆ. ‘ನಾನೇ ಕಂಡುಕೊಳ್ಳುವವರೆಗೆ ಕಾದಿರಿ’ ಎಂಬ ಮಾತು ಅವರು ಹೇಗೆ ಕಲಿಸಿದರು ಎಂಬುದನ್ನು ಗುರುತಿಸುತ್ತದೆ. ಮಷಿನ್‌ನಿಂದ ಇಳಿದ ಸಮಯ ಬರೆದದ್ದು ಪಾಠ ಕೆಲಸಕ್ಕೆ ಬಂತು ಎಂಬುದಕ್ಕೆ ಸಾಕ್ಷಿ. ವೈವಾದ ಮಾತು ಮುಂದಿನ ಪತ್ರಕ್ಕೆ ಕಾರಣ ಇಟ್ಟುಕೊಳ್ಳುತ್ತದೆ. ಉತ್ತರ ಬೇಡ ಎಂಬ ಕೊನೆಯ ಸಾಲು ಅವರ ಮೇಲಿನ ಭಾರ ಇಳಿಸುತ್ತದೆ. ಇಡೀ ಪತ್ರದಲ್ಲಿ ಕೇಳಿದ್ದು ಏನೂ ಇಲ್ಲ.

ಇವುಗಳಲ್ಲಿ ಎರಡನೆಯದು ಹೆಚ್ಚಿನವರ ಕೈತಪ್ಪುವ ಭಾಗ. ಧನ್ಯವಾದ ಹೇಳುವಾಗ ನಾವು ನಮಗಾದ ಲಾಭವನ್ನೇ ಪಟ್ಟಿ ಮಾಡುತ್ತೇವೆ: ನನಗೆ ಅನುಭವ ಸಿಕ್ಕಿತು, ನನ್ನ ಆತ್ಮವಿಶ್ವಾಸ ಹೆಚ್ಚಿತು, ನನ್ನ ರೆಸ್ಯೂಮೆಗೆ ತೂಕ ಬಂತು. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಸಾರಾ ಆಲ್ಗೊ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಈ ವ್ಯತ್ಯಾಸವನ್ನೇ ನೋಡಿತು. ಜೋಡಿಗಳು ಪರಸ್ಪರ ಕೃತಜ್ಞತೆ ಹೇಳಿಕೊಳ್ಳುವುದನ್ನು ಅವರು ಗಮನಿಸಿದರು. ‘ನನಗೆ ಒಳ್ಳೆಯದಾಯಿತು’ ಎಂಬ ಮಾತಿಗಿಂತ ‘ನೀನು ಹೀಗೆ ಮಾಡಿದೆ, ಅದು ನಿನ್ನ ಗುಣ’ ಎಂದು ಮಾಡಿದವರ ಕಡೆ ಬೆರಳು ತೋರಿಸಿದ ಮಾತು ಕೇಳಿದವರನ್ನು ಹೆಚ್ಚು ಹತ್ತಿರ ತಂದಿತು. ಅಲ್ಲಿದ್ದವರು ಸಂಗಾತಿಗಳು, ಇಲ್ಲಿರುವುದು ಹಿರಿಯರು ಮತ್ತು ವಿದ್ಯಾರ್ಥಿ. ಹಾಗಾಗಿ ಅದನ್ನು ಹಾಗೆಯೇ ಇಲ್ಲಿಗೆ ಒಪ್ಪಿಸಲಾಗದು. ಆದರೂ ಒಂದು ಮಾತು ನಿಲ್ಲುತ್ತದೆ. ವಾಕ್ಯಗಳಲ್ಲಿ ‘ನಾನು’ ಎಷ್ಟು ಸಲ ಬಂದಿದೆ, ‘ನೀವು’ ಎಷ್ಟು ಸಲ ಬಂದಿದೆ ಎಂದು ಕಳಿಸುವ ಮೊದಲು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಇಷ್ಟು ಬಿಚ್ಚಿ ಬರೆದರೆ ಅತಿಯಾಗುವುದಿಲ್ಲವೇ ಎಂಬ ಅಳುಕು ನಮ್ಮ ಮಕ್ಕಳಲ್ಲಿ ಸಹಜ. ಹಿರಿಯರಿಗೆ ಬಾಯಿಬಿಟ್ಟು ಕೃತಜ್ಞತೆ ಹೇಳುವ ರೂಢಿ ನಮ್ಮಲ್ಲಿ ಕಡಿಮೆ. ಕಾಲಿಗೆ ನಮಸ್ಕರಿಸುತ್ತೇವೆ, ಮದುವೆಗೆ ಕರೆಯುತ್ತೇವೆ, ಊರಿನಿಂದ ಬರುವಾಗ ಹಪ್ಪಳ ಕಟ್ಟಿಕೊಂಡು ಬರುತ್ತೇವೆ. ಮಾತು ಮಾತ್ರ ಗಂಟಲಲ್ಲೇ ಉಳಿಯುತ್ತದೆ. ಈ ಅಳುಕನ್ನೇ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ತಮಗೆ ಉಪಕಾರ ಮಾಡಿದವರಿಗೆ ಪತ್ರ ಬರೆಯಲು ಜನರಿಗೆ ಹೇಳಿ, ಓದುವವರಿಗೆ ಏನನ್ನಿಸಬಹುದು ಎಂದು ಮೊದಲೇ ಕೇಳಿಟ್ಟರು. ಬಳಿಕ ಪತ್ರ ತಲುಪಿದವರನ್ನೇ ವಿಚಾರಿಸಿದರು. ಬರೆದವರು ಅಂದುಕೊಂಡಿದ್ದಕ್ಕಿಂತ ಓದಿದವರಿಗೆ ಹೆಚ್ಚು ಸಂತೋಷವಾಗಿತ್ತು, ಮುಜುಗರ ಅಂದುಕೊಂಡಿದ್ದಕ್ಕಿಂತ ಕಡಿಮೆ ಇತ್ತು. ಬರೆದವರು ಪದ ಸರಿ ಬಿದ್ದಿದೆಯೇ ಎಂದು ಚಿಂತಿಸುತ್ತಿದ್ದರು. ಓದಿದವರು ಗಮನಿಸಿದ್ದು ಪತ್ರದ ಆತ್ಮೀಯತೆಯನ್ನು. ಹಾಗಾಗಿ ಇಂಗ್ಲಿಷ್ ಚೆನ್ನಾಗಿ ಬರುವುದಿಲ್ಲ ಎಂದು ಪತ್ರವನ್ನೇ ಬಿಡಬೇಕಿಲ್ಲ. ಮೆಂಟರ್ ಜೊತೆ ಶಾಪ್ ಫ್ಲೋರ್‌ನಲ್ಲಿ ಕನ್ನಡದಲ್ಲಿ ಮಾತಾಡಿದ್ದರೆ ಕನ್ನಡದಲ್ಲೇ ಬರೆಯಿರಿ.

ಇನ್ನು ಕಳಿಸುವ ವಿಚಾರ. ಕೊನೆಯ ದಿನಕ್ಕೆ ಮೊದಲೇ ಮಾಡಬೇಕಾದ ಒಂದು ಕೆಲಸವಿದೆ: ‘ಮುಂದೆ ಸುದ್ದಿ ತಿಳಿಸಲು ನಿಮ್ಮ ಸ್ವಂತ ಇಮೇಲ್ ಕೊಡಬಹುದೇ ಸರ್’ ಎಂದು ಕೇಳಿಕೊಳ್ಳುವುದು. ಇಂಟರ್ನ್‌ಗೆ ಕೊಟ್ಟ ಕಂಪನಿ ಐಡಿ ಹೊರಬಿದ್ದ ಕೂಡಲೇ ಬಂದ್ ಆಗುತ್ತದೆ, ಅದರೊಳಗಿನ ಪತ್ರಗಳೂ ಹೋಗುತ್ತವೆ. ಮೆಂಟರ್ ಕೂಡ ನಾಳೆ ಬೇರೆ ಕಂಪನಿ ಸೇರಬಹುದು. ಆಫೀಸಿನ ವಿಳಾಸಕ್ಕೆ ಮಾತ್ರ ಕಟ್ಟಿಕೊಂಡ ಸಂಬಂಧ ಇವರಿಬ್ಬರಲ್ಲಿ ಒಬ್ಬರು ಹೊರಟರೂ ಕಡಿದುಹೋಗುತ್ತದೆ. ಪತ್ರವನ್ನು ನಿಮ್ಮ ಸ್ವಂತ ಇಮೇಲ್‌ನಿಂದ, ಮುಗಿದ ಎರಡು ಮೂರು ದಿನದೊಳಗೆ ಕಳಿಸಿ. ಬೀಳ್ಕೊಡುಗೆಯ ದಿನವೇ ಕಳಿಸಿದರೆ ಉಳಿದವರ ಸಂದೇಶಗಳ ನಡುವೆ ಅದೂ ಒಂದಾಗುತ್ತದೆ. ವಿಷಯದ ಸಾಲಿನಲ್ಲಿ ಬರೀ ‘ಧನ್ಯವಾದ’ ಎನ್ನುವ ಬದಲು ‘ಬಿಸಿ ಪೀಸಿನ ಪಾಠ, ಮತ್ತು ಧನ್ಯವಾದ’ ಎಂದರೆ ವರ್ಷ ಕಳೆದ ಮೇಲೂ ಹುಡುಕಿದರೆ ಸಿಗುತ್ತದೆ.

ಒಂದು ಎಚ್ಚರ ಬೇಕು. ಹೇಳುವ ಉತ್ಸಾಹದಲ್ಲಿ ಗಿರಾಕಿ ಕಂಪನಿಯ ಹೆಸರು, ಡ್ರಾಯಿಂಗ್‌ನ ಫೋಟೊ, ರಿಜೆಕ್ಟ್ ಆದ ಪೀಸುಗಳ ಸಂಖ್ಯೆ ಪತ್ರದೊಳಗೆ ಬರಬಾರದು. ಅವು ಕಾರ್ಖಾನೆಯ ಗುಟ್ಟುಗಳು, ಮತ್ತು ಪತ್ರ ಹೋಗುತ್ತಿರುವುದು ಕಂಪನಿಯ ಹೊರಗಿನ ವಿಳಾಸಕ್ಕೆ. ಪಾಠ ಬರೆಯಿರಿ, ಮಾಲಿನ ವಿವರ ಬಿಡಿ. ದುಬಾರಿ ಉಡುಗೊರೆಯೂ ಬೇಡ. ಎಷ್ಟೋ ಕಂಪನಿಗಳಲ್ಲಿ ಅದನ್ನು ತೆಗೆದುಕೊಳ್ಳುವಂತಿಲ್ಲ. ಬೇಡ ಎನ್ನಲು ಅವರಿಗೆ ಕಷ್ಟವಾಗುತ್ತದೆ.

ಇನ್ನೊಂದು ಮಾತು ಮುಖ್ಯ. ಕಾಗದದ ಮೇಲೆ ಗೈಡ್ ಆದವರೇ ಕಲಿಸಿದವರಾಗಿರಬೇಕೆಂದಿಲ್ಲ. ಟೂಲ್ ಕೂರಿಸುವುದನ್ನು, ಗೇಜ್ ಹಿಡಿಯುವುದನ್ನು ತೋರಿಸಿಕೊಟ್ಟವರು ಹತ್ತಾರು ವರ್ಷ ಅದೇ ಮಷಿನ್ ನಡೆಸಿದ ಆಪರೇಟರ್ ಇರಬಹುದು. ಅವರಿಗೆ ಇಮೇಲ್ ಇರಲಿಕ್ಕಿಲ್ಲ. ಅವರನ್ನು ಟೀ ಬಿಡುವಿನಲ್ಲಿ ಕಂಡು, ಕಲಿಸಿದ್ದು ಯಾವುದು ಎಂದು ಹೆಸರಿಟ್ಟು ಹೇಳಿ ಬರಬೇಕು. ಅವರ ಮೇಲಿನವರಿಗೆ ಬರೆಯುವ ಪತ್ರದಲ್ಲಿ ಅವರ ಹೆಸರನ್ನೂ ಒಂದು ಸಾಲಿನಲ್ಲಿ ಸೇರಿಸಿದರೆ, ಆಪರೇಟರ್ ಮಾಡಿದ ಈ ಕೆಲಸ ಅವರ ಕಣ್ಣಿಗೂ ಬೀಳುತ್ತದೆ.

ಮೊದಲ ಪತ್ರಕ್ಕಿಂತ ಕಷ್ಟದ್ದು ಎರಡನೆಯದು. ಸಂಬಂಧ ಉಳಿಯುವುದು ಅಥವಾ ಆರಿಹೋಗುವುದು ಅಲ್ಲಿಯೇ ತೀರ್ಮಾನವಾಗುತ್ತದೆ. ತಿಳಿಸುತ್ತೇನೆ ಎಂದು ಹೇಳಿದ್ದನ್ನು ತಿಳಿಸಬೇಕು. ನಮ್ಮ ವಿದ್ಯಾರ್ಥಿನಿ ವೈವಾ ಮುಗಿದ ಮಾರನೇ ದಿನ ನಾಲ್ಕು ಸಾಲು ಬರೆಯುತ್ತಾಳೆ:

‘ಸರ್, ನಿನ್ನೆ ವೈವಾ ಆಯಿತು. ಉಕ್ಕು ಹಿಗ್ಗಿದರೆ ನಡುವಿನ ತೂತು ಚಿಕ್ಕದಾಗಬೇಕಲ್ಲವೇ ಎಂದು ಎಕ್ಸಾಮಿನರ್ ಕೇಳಿದರು. ಇಡೀ ಉಂಗುರವೇ ಹಿಗ್ಗುವುದರಿಂದ ತೂತೂ ದೊಡ್ಡದಾಗುತ್ತದೆ ಎಂದು ಹೇಳಿ ನಮ್ಮ ರೀಡಿಂಗ್ ತೋರಿಸಿದೆ. ನೀವು ಕೈಗೆ ಕೊಟ್ಟು ತೋರಿಸದೇ ಇದ್ದಿದ್ದರೆ ಅಲ್ಲಿ ತಡವರಿಸುತ್ತಿದ್ದೆ.’

ಇದಕ್ಕೆ ಉತ್ತರ ಬರುವ ಸಾಧ್ಯತೆ ಹೆಚ್ಚು, ಏಕೆಂದರೆ ಇದರಲ್ಲಿ ಅವರ ಪಾಠವೇ ಪರೀಕ್ಷೆಗೆ ಕುಳಿತು ಗೆದ್ದ ಸುದ್ದಿ ಇದೆ. ಆಮೇಲೆ ತಿಂಗಳಿಗೊಮ್ಮೆ ಬರೆಯುವ ಅಗತ್ಯವಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಕಂಡುಕೊಂಡವರನ್ನು ಆ ಪರಿಚಯಸ್ಥರು ಎಷ್ಟು ಸಲ ಸಿಗುತ್ತಿದ್ದರು ಎಂದು ಕೇಳಿದ್ದರು. ನೂರರಲ್ಲಿ ಸುಮಾರು 17 ಮಂದಿ ಮಾತ್ರ ಪದೇ ಪದೇ ಸಿಗುತ್ತಿದ್ದೆವು ಎಂದರು. ಸುಮಾರು 56 ಮಂದಿ ಆಗೊಮ್ಮೆ ಈಗೊಮ್ಮೆ, ಉಳಿದವರು ಅಪರೂಪಕ್ಕೆ. ನಿತ್ಯ ಜೊತೆಗಿರುವವರಿಗೆ ತಿಳಿದದ್ದು ನಮಗೂ ತಿಳಿದಿರುತ್ತದೆ. ದೂರದ ಪರಿಚಯದವರು ಬೇರೆ ಕಡೆಯ ಸುದ್ದಿ ತರುತ್ತಾರೆ ಎಂಬುದು ಅವರ ವಿವರಣೆ. ವಿದ್ಯಾರ್ಥಿಗೆ ಮೆಂಟರ್ ಅಂಥ ದೂರದ ಪರಿಚಯ. ವರ್ಷಕ್ಕೆ ಎರಡು ಮೂರು ಸಲ, ಹೇಳಲು ನಿಜವಾದ ಸುದ್ದಿ ಇದ್ದಾಗ ಬರೆದರೆ ಸಾಕು. ಹಬ್ಬಕ್ಕೆ ಎಲ್ಲರಿಗೂ ಕಳಿಸುವ ಶುಭಾಶಯದ ಚಿತ್ರ ಆ ಲೆಕ್ಕಕ್ಕೆ ಬರುವುದಿಲ್ಲ.

ನೆರವು ಕೇಳುವ ದಿನ ಬಂದೇ ಬರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಅದು ಧನ್ಯವಾದದ ಪತ್ರದೊಳಗೆ ಸೇರಬಾರದು ಅಷ್ಟೇ. ಶಿಫಾರಸು ಪತ್ರ ಬೇಕಾದರೆ ಕೊನೆಯ ದಿನಾಂಕಕ್ಕೆ ಎರಡು ವಾರವಾದರೂ ಮೊದಲು ಕೇಳಿ. ಎಲ್ಲಿಗೆ, ಯಾವುದಕ್ಕೆ, ಯಾವಾಗಿನೊಳಗೆ ಎಂದು ಮೊದಲ ಸಾಲಿನಲ್ಲೇ ಹೇಳಿ. ನೀವು ಅಲ್ಲಿ ಮಾಡಿದ ಕೆಲಸವನ್ನು ಮೂರು ನಾಲ್ಕು ಸಾಲಿನಲ್ಲಿ ನೆನಪಿಸಿ, ರೆಸ್ಯೂಮೆ ಸೇರಿಸಿ. ‘ಈಗ ಬಿಡುವಿಲ್ಲದಿದ್ದರೆ ಪರವಾಗಿಲ್ಲ ಸರ್’ ಎಂಬ ಮಾತು ಇರಲಿ, ಮತ್ತು ಅದು ಮನಸ್ಸಿನಿಂದ ಬಂದಿರಲಿ. ಫಲಿತಾಂಶ ಬಂದ ಮೇಲೆ ಕೆಲಸ ಸಿಗಲಿ, ಸಿಗದಿರಲಿ, ತಿಳಿಸಿ. ಸಿಗದಿದ್ದಾಗ ಸುಮ್ಮನಾಗುವವರೇ ಹೆಚ್ಚು. ಬರೆದುಕೊಟ್ಟವರು ಏನಾಯಿತೋ ಎಂದು ಕಾಯುತ್ತಲೇ ಇರುತ್ತಾರೆ.

ಎಲ್ಲರ ಅನುಭವವೂ ಇಷ್ಟು ಚೆನ್ನಾಗಿರುವುದಿಲ್ಲ. ಕೆಲವು ಕಡೆ ಮೆಂಟರ್ ಎಂದರೆ ಸಹಿ ಹಾಕುವವರು ಮಾತ್ರ. ಆಗ ಇಲ್ಲದ ಪಾಠವನ್ನು ಹುಟ್ಟಿಸಿ ಹೊಗಳಬೇಡಿ, ಓದಿದವರಿಗೆ ಅದು ಸುಳ್ಳೆಂದು ಮೊದಲು ಗೊತ್ತಾಗುತ್ತದೆ. ರಿಪೋರ್ಟನ್ನು ಸಮಯಕ್ಕೆ ನೋಡಿಕೊಟ್ಟಿದ್ದರೆ ಅದನ್ನೇ ಹೇಳಿ, ಎರಡು ಸಾಲಿನಲ್ಲಿ ಮುಗಿಸಿ. ಅಂಥ ಕಡೆ ಸಂಬಂಧ ಮುಂದುವರಿಯದಿದ್ದರೆ ಅದು ಪತ್ರದ ದೋಷವಲ್ಲ. ಅಲ್ಲಿ ಉಳಿಸಿಕೊಳ್ಳಲು ಸಂಬಂಧವೇ ಇರಲಿಲ್ಲ. ಒಳ್ಳೆಯ ಪತ್ರಕ್ಕೂ ಉತ್ತರ ಬರದೆ ಇರಬಹುದು. ಆಗ ‘ನೋಡಿದಿರಾ ಸರ್’ ಎಂದು ಬೆನ್ನುಹತ್ತಬೇಡಿ, ಮುಂದಿನ ಸುದ್ದಿ ಬಂದಾಗ ಮತ್ತೆ ಬರೆಯಿರಿ.

ಈ ಲೇಖನ ಓದುವಾಗ ಎರಡು ವರ್ಷದ ಹಿಂದೆ ಕಲಿಸಿದ ಒಬ್ಬರ ಮುಖ ಕಣ್ಣಿಗೆ ಬಂದಿದ್ದರೆ, ತಡವಾಯಿತೆಂದು ಕೈಬಿಡಬೇಡಿ. ತಡವಾದದ್ದಕ್ಕೆ ಅರ್ಧ ಪತ್ರ ಕ್ಷಮೆ ಕೇಳಬೇಕಿಲ್ಲ, ಒಂದು ಸಾಲು ಸಾಕು. ಅವರು ಕಲಿಸಿದ ಒಂದೇ ಒಂದು ವಿಷಯವನ್ನು ಹೆಸರಿಟ್ಟು ಹೇಳಿ, ಅದನ್ನು ಎಲ್ಲಿ ಬಳಸಿದಿರಿ ಎಂದು ಬರೆಯಿರಿ, ಏನನ್ನೂ ಕೇಳಬೇಡಿ. ಎರಡು ವರ್ಷ ಕಳೆದಿರುವುದರಿಂದ ನಿಮ್ಮ ಹತ್ತಿರ ಹೇಳಲು ಹೆಚ್ಚೇ ಇರುತ್ತದೆ. ಇವತ್ತು ರಾತ್ರಿಯೇ ಬರೆದು ಕಳಿಸಿ.